ಒಂದೇ ರೀಚಾರ್ಜ್, ಎರಡು ಭಾರ

ತೆರಿಗೆಯ ಭಾರ ಎಷ್ಟು ಎಂಬುದು ಬಿಲ್ಲಿನಲ್ಲಿ ಅಚ್ಚಾದ ಶೇಕಡಾವಾರಿನಿಂದ ಗೊತ್ತಾಗುವುದಿಲ್ಲ. ಅದು ಗೊತ್ತಾಗಬೇಕಾದರೆ ಕಟ್ಟಿದ ತೆರಿಗೆಯನ್ನು ಕಟ್ಟಿದವರ ಆದಾಯದಿಂದ ಭಾಗಿಸಿ ನೋಡಬೇಕು. ಆದಾಯ ಹೆಚ್ಚಿದಂತೆ ಈ ಪಾಲು ಕುಗ್ಗುತ್ತ ಹೋದರೆ ಅದು ಪ್ರತಿಗಾಮಿ ತೆರಿಗೆ. ಎಲ್ಲ ಆದಾಯಗಳಲ್ಲೂ ಪಾಲು ಒಂದೇ ಆಗಿದ್ದರೆ ಅನುಪಾತೀಯ ತೆರಿಗೆ. ಆದಾಯ ಏರಿದಂತೆ ಪಾಲೂ ಏರಿದರೆ ಪ್ರಗತಿಪರ ತೆರಿಗೆ. ಮೂರರಲ್ಲೂ ಶ್ರೀಮಂತರು ಹೆಚ್ಚು ರೂಪಾಯಿ ಕಟ್ಟುತ್ತಿರಬಹುದು. ಆದ್ದರಿಂದ ರೂಪಾಯಿಯ ಮೊತ್ತವನ್ನಷ್ಟೇ ನೋಡಿ ತೆರಿಗೆ ಯಾವ ಬಗೆಯದೆಂದು ಹೇಳಲು ಬರುವುದಿಲ್ಲ.

ಮೊಬೈಲ್ ರೀಚಾರ್ಜ್ ಮೇಲೆ ಶೇ 18 ಜಿಎಸ್‌ಟಿ ಇದೆ. 236 ರೂಪಾಯಿಯ ರೀಚಾರ್ಜ್‌ನಲ್ಲಿ 200 ರೂಪಾಯಿ ಕಂಪನಿಗೆ, 36 ರೂಪಾಯಿ ತೆರಿಗೆಗೆ. ತಿಂಗಳಿಗೆ 15,000 ರೂಪಾಯಿ ದುಡಿಯುವ ಹೊಲಿಗೆ ಕೆಲಸಗಾರ್ತಿಯೂ 1,50,000 ರೂಪಾಯಿ ದುಡಿಯುವ ಎಂಜಿನಿಯರೂ ಇದೇ ರೀಚಾರ್ಜ್ ಮಾಡಿಸಿದರೆ ಇಬ್ಬರೂ ಕಟ್ಟುವುದು 36 ರೂಪಾಯಿಯೇ. ಆದರೆ ಅದು ಮೊದಲನೆಯವರ ಆದಾಯದ ಶೇ 0.24, ಎರಡನೆಯವರ ಆದಾಯದ ಶೇ 0.024. ದರ ಒಂದೇ, ಭಾರ ಹತ್ತು ಪಟ್ಟು.

ಕರ್ನಾಟಕದ ವೃತ್ತಿ ತೆರಿಗೆಯಲ್ಲಿ ಇದು ಇನ್ನೂ ನಿಚ್ಚಳವಾಗಿ ಕಾಣುತ್ತದೆ. ತಿಂಗಳ ಸಂಬಳ 25,000 ರೂಪಾಯಿ ಮುಟ್ಟಿದವರಿಗೆ ಹೆಚ್ಚಿನ ತಿಂಗಳುಗಳಲ್ಲಿ 200 ರೂಪಾಯಿ ಕಡಿತವಾಗುತ್ತದೆ. ಸಂಬಳ ಎರಡೂವರೆ ಲಕ್ಷವಾದರೂ ಕಡಿತ ಅಷ್ಟೇ. ಒಬ್ಬರಿಗೆ ಆದಾಯದ ಶೇ 0.8, ಇನ್ನೊಬ್ಬರಿಗೆ ಶೇ 0.08. 25,000ಕ್ಕಿಂತ ಕಡಿಮೆ ಸಂಬಳದವರನ್ನು ಹೊರಗಿಟ್ಟಿರುವುದು ನ್ಯಾಯವೇ. ಆದರೆ ಆ ಗೆರೆ ದಾಟಿದ ಮೇಲೆ ಈ ತೆರಿಗೆ ಪೂರ್ತಿ ಪ್ರತಿಗಾಮಿ. ಸಂಬಳದ ಜೊತೆಗೆ ಅದನ್ನು ಬೆಳೆಸಿಕೊಂಡು ಹೋಗಲು ರಾಜ್ಯಕ್ಕೆ ಹೆಚ್ಚು ಅವಕಾಶವೂ ಇಲ್ಲ. ಸಂವಿಧಾನದ 276ನೇ ವಿಧಿ ಒಬ್ಬರಿಂದ ವರ್ಷಕ್ಕೆ 2,500 ರೂಪಾಯಿಗಿಂತ ಹೆಚ್ಚು ವೃತ್ತಿ ತೆರಿಗೆ ಪಡೆಯಲು ಬಿಡುವುದಿಲ್ಲ.

ಒಂದು ರೀಚಾರ್ಜ್ ಬಿಟ್ಟು ಇಡೀ ತಿಂಗಳ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಚಿತ್ರ ಸ್ವಲ್ಪ ಬದಲಾಗುತ್ತದೆ. ಹೊಲಿಗೆ ಕೆಲಸಗಾರ್ತಿಯ ಮನೆಯಲ್ಲಿ 4,000 ರೂಪಾಯಿ ಬಾಡಿಗೆಗೆ ಹೋಗುತ್ತದೆಂದೂ, ಇನ್ನೊಂದು 4,000 ತರಕಾರಿ, ಹಾಲು, ಬಿಡಿ ಅಕ್ಕಿಗೆ ಹೋಗುತ್ತದೆಂದೂ ಇಟ್ಟುಕೊಳ್ಳಬಹುದು. ವಾಸದ ಮನೆಯ ಬಾಡಿಗೆಗೂ ಈ ಪದಾರ್ಥಗಳಿಗೂ ಜಿಎಸ್‌ಟಿ ಇಲ್ಲ. ಸೋಪು, ಟೂತ್‌ಪೇಸ್ಟ್, ಬಿಸ್ಕತ್ತು, ಅಡುಗೆ ಎಣ್ಣೆಯಂಥ ಶೇ 5ರ ಸಾಮಾನಿಗೆ 4,200 ರೂಪಾಯಿ, ಅದರಲ್ಲಿ ತೆರಿಗೆ 200. ರೀಚಾರ್ಜ್, ಮಿಕ್ಸಿಯ ಕಂತು ಮುಂತಾದ ಶೇ 18ರ ಖರ್ಚಿಗೆ 2,360 ರೂಪಾಯಿ, ಅದರಲ್ಲಿ ತೆರಿಗೆ 360. ಒಟ್ಟು ತೆರಿಗೆ 560 ರೂಪಾಯಿ, ಅಂದರೆ ಆದಾಯದ ಸುಮಾರು ಶೇ 3.7. ಎಲ್ಲ ಕಳೆದು ಕೈಯಲ್ಲಿ ಉಳಿಯುವುದು 440 ರೂಪಾಯಿ.

ಎಂಜಿನಿಯರ್ ಮನೆಯಲ್ಲಿ ಬಾಡಿಗೆ 35,000, ತರಕಾರಿ-ಹಾಲು 12,000, ಶೇ 5ರ ಸಾಮಾನು 12,600, ಶೇ 18ರ ಖರ್ಚು 23,600. ತೆರಿಗೆ 600ಕ್ಕೆ 3,600 ಸೇರಿ 4,200 ರೂಪಾಯಿ. ಹೊಲಿಗೆ ಕೆಲಸಗಾರ್ತಿ ಕಟ್ಟಿದ್ದರ ಏಳೂವರೆ ಪಟ್ಟು. ಆದರೆ ಆದಾಯ ಹತ್ತು ಪಟ್ಟು ಇರುವುದರಿಂದ ಈ ತೆರಿಗೆ ಅದರ ಶೇ 2.8 ಮಾತ್ರ. ಕಾರಣ ಸರಳ: ಜಿಎಸ್‌ಟಿ ಬೀಳುವುದು ಖರ್ಚಿನ ಮೇಲೆ. 83,200 ರೂಪಾಯಿ ಖರ್ಚಾದ ಮೇಲೆ ಮಿಕ್ಕ 66,800 ರೂಪಾಯಿಯನ್ನು ಅದು ಮುಟ್ಟುವುದೇ ಇಲ್ಲ. ಹೊಲಿಗೆ ಕೆಲಸಗಾರ್ತಿಗೆ ಹಾಗೆ ಮಿಗಿಸಿಡಲು ದಾರಿಯಿಲ್ಲ.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ತೆರಿಗೆಯನ್ನು ಆದಾಯದ ಬದಲು ಖರ್ಚಿನಿಂದ ಭಾಗಿಸಿದರೆ ಮೊದಲ ಮನೆಗೆ ಶೇ 3.8, ಎರಡನೆಯದಕ್ಕೆ ಶೇ 5 ಬರುತ್ತದೆ. ಅದೇ ತೆರಿಗೆ ಈಗ ಪ್ರಗತಿಪರವಾಗಿ ಕಾಣುತ್ತದೆ! ಉಳಿಸಿದ ಹಣವೂ ಮುಂದೆ ಎಂದಾದರೂ ಖರ್ಚಾಗಿ ಆಗ ತೆರಿಗೆಗೆ ಸಿಗುತ್ತದೆ, ಹಾಗಾಗಿ ಒಂದು ತಿಂಗಳ ಆದಾಯವನ್ನು ಅಳತೆಗೋಲು ಮಾಡುವುದು ತಪ್ಪು ಎಂದು ಕೆಲವು ಅರ್ಥಶಾಸ್ತ್ರಜ್ಞರು ವಾದಿಸುತ್ತಾರೆ. ವಾದದಲ್ಲಿ ಹುರುಳಿದೆ. ಆದರೆ ಉಳಿತಾಯವೆಲ್ಲ ಖರ್ಚಾಗುವುದಿಲ್ಲ, ಬಹುಪಾಲು ಆಸ್ತಿಯಾಗಿ ಮಕ್ಕಳಿಗೆ ಹೋಗುವುದೂ ಉಂಟು. ಅಲ್ಲದೆ ಉಳಿತಾಯ ಖರ್ಚಾಗುವ ಮೊದಲೇ ಕಾಯಿಲೆ, ಕೆಲಸದ ನಷ್ಟಗಳಿಂದ ಮನೆಯನ್ನು ಕಾಯುತ್ತದೆ. ಆ ರಕ್ಷಣೆ ಇಲ್ಲದ ಮನೆಯಿಂದಲೇ ಹೆಚ್ಚಿನ ಪಾಲು ಪಡೆಯುತ್ತಿದ್ದರೆ, ತೆರಿಗೆ ಕಟ್ಟುವ ಶಕ್ತಿಯನ್ನು ಆದಾಯದಿಂದ ಅಳೆಯುವುದೇ ಹೆಚ್ಚು ಸರಿ.

ಅನುಪಾತೀಯ ತೆರಿಗೆಗೆ ಬಲ್ಗೇರಿಯಾ ಹತ್ತಿರದ ಉದಾಹರಣೆ. ಅಲ್ಲಿ 2008ರಿಂದ ಬಹುತೇಕ ಎಲ್ಲರ ವೈಯಕ್ತಿಕ ಆದಾಯಕ್ಕೂ ಶೇ 10ರ ಒಂದೇ ದರ. ಈ ದರವನ್ನು ನಮ್ಮ ಎರಡು ಮನೆಗಳಿಗೆ ಹಾಕಿದರೆ ಒಂದು 1,500, ಇನ್ನೊಂದು 15,000 ರೂಪಾಯಿ ಕಟ್ಟಬೇಕು. ಎಲ್ಲರಿಗೂ ಒಂದೇ ನಿಯಮ ಎಂಬುದು ಮನಸ್ಸಿಗೆ ಒಪ್ಪುತ್ತದೆ. ಆದರೆ 440 ರೂಪಾಯಿ ಮಾತ್ರ ಉಳಿಯುವ ಮನೆ 1,500 ತರುವುದೆಲ್ಲಿಂದ? ಹಾಲನ್ನೋ ತರಕಾರಿಯನ್ನೋ ಕಡಿತ ಮಾಡಬೇಕು. ಇನ್ನೊಂದು ಮನೆಯಲ್ಲಿ ಕಡಿಮೆಯಾಗುವುದು ಉಳಿತಾಯ ಮಾತ್ರ. 19ನೇ ಶತಮಾನದ ಚಿಂತಕ ಜಾನ್ ಸ್ಟುವರ್ಟ್ ಮಿಲ್ ಏಕದರವನ್ನು ಮೆಚ್ಚುತ್ತಿದ್ದರೂ ಬದುಕಿಗೆ ಬೇಕೇಬೇಕಾದಷ್ಟು ಆದಾಯವನ್ನು ಅದರಿಂದ ಹೊರಗಿಡಬೇಕೆಂದಿದ್ದ. ಮೊದಲ 10,000 ರೂಪಾಯಿ ಬಿಟ್ಟು ಉಳಿದದ್ದಕ್ಕೆ ಶೇ 10 ಹಾಕಿದರೆ ಒಂದು ಮನೆ 500, ಇನ್ನೊಂದು 14,000 ಕಟ್ಟುತ್ತದೆ. ಆದಾಯದಲ್ಲಿ ಅವು ಶೇ 3.3 ಮತ್ತು ಶೇ 9.3. ದರ ಒಂದೇ ಆಗಿದ್ದರೂ ತೆರಿಗೆ ಪ್ರಗತಿಪರವಾಗಿಬಿಟ್ಟಿತು.

ಭಾರತದ ಆದಾಯ ತೆರಿಗೆ ಇನ್ನೂ ಮುಂದೆ ಹೋಗಿ ದರಗಳನ್ನೇ ಏರಿಸುತ್ತದೆ. 2025-26ರ ಹೊಸ ಪದ್ಧತಿಯಲ್ಲಿ ವರ್ಷದ ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ. ಮುಂದಿನ ಪ್ರತಿ 4 ಲಕ್ಷಕ್ಕೆ ಕ್ರಮವಾಗಿ ಶೇ 5, 10, 15, 20, 25. 24 ಲಕ್ಷ ದಾಟಿದ ಭಾಗಕ್ಕೆ ಶೇ 30. ಹೊಸ ಹಂತಕ್ಕೆ ಕಾಲಿಟ್ಟರೆ ಪೂರ್ತಿ ಆದಾಯಕ್ಕೂ ಹೆಚ್ಚಿನ ದರ ಬೀಳುತ್ತದೆಂದು ಹಲವರು ಹೆದರುತ್ತಾರೆ. ಹಾಗಲ್ಲ, ಆ ದರ ಆ ಹಂತದೊಳಗಿನ ಹಣಕ್ಕೆ ಮಾತ್ರ. ಎಂಜಿನಿಯರ್ ವರ್ಷದ ಸಂಬಳ 18 ಲಕ್ಷ. ಸಂಬಳದಾರರಿಗೆ ಸಿಗುವ 75,000 ರೂಪಾಯಿ ಕಡಿತದ ನಂತರ 17.25 ಲಕ್ಷ. 16 ಲಕ್ಷದವರೆಗೆ 20,000, 40,000, 60,000 ಸೇರಿ 1,20,000, ಮೇಲಿನ 1.25 ಲಕ್ಷಕ್ಕೆ ಶೇ 20ರಂತೆ 25,000. ಸೆಸ್ ಬಿಟ್ಟು ಒಟ್ಟು 1,45,000 ರೂಪಾಯಿ. ಕೊನೆಯ ಹಂತದ ದರ ಶೇ 20 ಆದರೂ ಪೂರ್ತಿ ಸಂಬಳದಲ್ಲಿ ಇದು ಶೇ 8ರ ಆಸುಪಾಸು. ಜಿಎಸ್‌ಟಿ ಸೇರಿಸಿದರೆ ಎಂಜಿನಿಯರ್ ಮೇಲಿನ ಭಾರ ಸುಮಾರು ಶೇ 11. ಆದಾಯ ತೆರಿಗೆಯೇ ಬಾರದ ಹೊಲಿಗೆ ಕೆಲಸಗಾರ್ತಿಗೆ ಶೇ 3.7. ಒಂದು ತೆರಿಗೆಯ ಓರೆಯನ್ನು ಇನ್ನೊಂದು ಸರಿಪಡಿಸಿದೆ.

ಖರ್ಚಿನ ತೆರಿಗೆಯನ್ನೇ ಹಗುರ ಮಾಡಲು ಭಾರತ ಹಿಡಿದಿರುವ ದಾರಿ ಅಗತ್ಯ ವಸ್ತುಗಳಿಗೆ ವಿನಾಯಿತಿ. 2025ರ ಸೆಪ್ಟೆಂಬರ್ 22ರಿಂದ ಶಾಲೆಯ ನೋಟ್‌ಬುಕ್, ಪೆನ್ಸಿಲ್, ರಬ್ಬರುಗಳೂ ಆ ಪಟ್ಟಿಗೆ ಸೇರಿವೆ. ಇದಕ್ಕೂ ಒಂದು ಮಿತಿಯಿದೆ. ತರಕಾರಿ-ಹಾಲಿಗೆ ಶೇ 5 ತೆರಿಗೆ ಇದ್ದಿದ್ದರೆ ಮೊದಲ ಮನೆ 200, ಎರಡನೆಯದು 600 ರೂಪಾಯಿ ಕೊಡಬೇಕಿತ್ತು. ಅಂದರೆ ವಿನಾಯಿತಿಯ ರೂಪಾಯಿ ಲಾಭ ಶ್ರೀಮಂತರ ಮನೆಗೆ ಮೂರು ಪಟ್ಟು. ಕೆನಡಾ ಖರ್ಚಿನ ತೆರಿಗೆಯ ಭಾರ ಇಳಿಸಲು ಕಡಿಮೆ ಆದಾಯದ ಕುಟುಂಬಗಳಿಗೆ ಮೂರು ತಿಂಗಳಿಗೊಮ್ಮೆ ನೇರವಾಗಿ ಹಣ ಕೊಡುತ್ತದೆ. ಆ ವ್ಯವಸ್ಥೆ ನಡೆಯುವುದು ಪ್ರತಿ ಮನೆಯ ಆದಾಯ ಸರ್ಕಾರಕ್ಕೆ ಗೊತ್ತಿರುವ ಕಡೆ. ದಿನಗೂಲಿ, ಬೀದಿ ವ್ಯಾಪಾರ, ಸಣ್ಣ ಬೇಸಾಯದಿಂದ ಬದುಕುವ ಕೋಟ್ಯಂತರ ಜನ ಆದಾಯದ ಲೆಕ್ಕ ಸಲ್ಲಿಸದ ದೇಶದಲ್ಲಿ, ಸದ್ಯಕ್ಕೆ ಅಂಗಡಿಯಲ್ಲೇ ಸಿಗುವ ವಿನಾಯಿತಿ ಮಾತ್ರ ಅವರೆಲ್ಲರನ್ನೂ ತಲುಪಬಲ್ಲದು.