ಸತ್ತ ಕುದುರೆಯ ಬಾಲವೂ ಆಕರದ ಸಾಕ್ಷ್ಯವೂ

ಪ್ರಾಥಮಿಕ ಆಕರದಿಂದ, ಅಂದರೆ ಒಂದು ಕಾಲದ ಬಗ್ಗೆ ಆ ಕಾಲದವರೇ ಅಥವಾ ಅದಕ್ಕೆ ಸಮೀಪದವರು ಬರೆದಿಟ್ಟ ದಾಖಲೆಯಿಂದ, ಒಂದು ತುಣುಕನ್ನು ಆರಿಸಿ ಅದರ ಕೆಳಗೆ ಕೇಳುವ ಪ್ರಶ್ನೆಗಳನ್ನು ಆಕರ ಆಧಾರಿತ ಪ್ರಶ್ನೆಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಹೆಚ್ಚಿನವು ಓದಿ ಅರ್ಥಮಾಡಿಕೊಳ್ಳುವ ಶಕ್ತಿಯನ್ನಷ್ಟೇ ಅಳೆಯುತ್ತವೆ; ತುಣುಕಿನಲ್ಲಿರುವ ವಾಕ್ಯವನ್ನೇ ಎತ್ತಿ ಬರೆದರೂ ಅಂಕ ಸಿಗುತ್ತದೆ. ಇತಿಹಾಸಕಾರನ ಕೆಲಸಕ್ಕೆ ನಿಜವಾಗಿ ಹತ್ತಿರವಾದವು ಎರಡೇ ಪ್ರಶ್ನೆಗಳು: ಈ ಆಕರ ಎಷ್ಟು ವಿಶ್ವಾಸಾರ್ಹ, ಮತ್ತು ಬರೆದವನ ದೃಷ್ಟಿಕೋನ ಯಾವುದು. ಆದರೆ ಇವನ್ನು ಸಾಮಾನ್ಯವಾಗಿ ಕೇಳುವ ರೀತಿಯಲ್ಲೇ ಒಂದು ದೋಷವಿದೆ. ಚಿನ್ನಕ್ಕೆ ಶುದ್ಧತೆ ಇರುವಂತೆ ಆಕರಕ್ಕೂ ವಿಶ್ವಾಸಾರ್ಹತೆ ಎಂಬ ಸ್ಥಿರ ಗುಣವೊಂದಿದೆ ಎಂದು ಪ್ರಶ್ನೆ ಮೊದಲೇ ಒಪ್ಪಿಕೊಂಡಿರುತ್ತದೆ. ವಾಸ್ತವದಲ್ಲಿ ಅದು ಆಕರದಲ್ಲಿ ನೆಲೆಸಿರುವ ಗುಣವಲ್ಲ. ಆಕರದ ಒಂದು ನಿರ್ದಿಷ್ಟ ಹೇಳಿಕೆಗೂ ಅದರಿಂದ ಓದುಗ ತಿಳಿಯಬಯಸುವ ಒಂದು ನಿರ್ದಿಷ್ಟ ಸಂಗತಿಗೂ ನಡುವೆ ಏರ್ಪಡುವ ಸಂಬಂಧ.

ಈ ಮಾತನ್ನು ಪರೀಕ್ಷಿಸಲು ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ಲೇಖಕ ಫರ್ನಾವ್ ನ್ಯೂನಿಜ್‌ನ ವೃತ್ತಾಂತ ತಕ್ಕುದಾಗಿದೆ. ಕುದುರೆ ವ್ಯಾಪಾರಿಯೆಂದು ಗುರುತಿಸಲಾಗುವ ಈತ ಅಚ್ಯುತದೇವರಾಯನ ಆಳ್ವಿಕೆಯಲ್ಲಿ, 1535ರ ಸುಮಾರಿಗೆ, ವಿಜಯನಗರದಲ್ಲಿದ್ದ. ಪ್ಯಾರಿಸ್‌ನಲ್ಲಿ ಉಳಿದಿದ್ದ ಅವನ ಹಸ್ತಪ್ರತಿ 1897ರಲ್ಲಿ ಅಚ್ಚಾಯಿತು. ರಾಬರ್ಟ್ ಸೀವೆಲ್ 1900ರಲ್ಲಿ ಅದನ್ನು ಇಂಗ್ಲಿಷಿಗೆ ತಂದ ಮೇಲೆ ಕರ್ನಾಟಕದ ಇತಿಹಾಸ ಬರೆದವರಲ್ಲಿ ಅನೇಕರು ಅದನ್ನು ಬಳಸಿದ್ದಾರೆ. ಕುದುರೆಗಳಿಗೆ ಸಂಬಂಧಿಸಿದಂತೆ ಈ ಗ್ರಂಥದಲ್ಲಿರುವ ಎರಡು ಹೇಳಿಕೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಮೊದಲನೆಯದು ಸಾಳುವ ನರಸಿಂಹನ ಕುರಿತದ್ದು. ಆ ಅರಸ ಹೊರ್ಮುಜ್ ಮತ್ತು ಏಡನ್‌ಗಳಿಂದ ಕುದುರೆ ತರಿಸಿ ವ್ಯಾಪಾರಿಗಳು ಕೇಳಿದಷ್ಟು ಬೆಲೆ ಕೊಡುತ್ತಿದ್ದನೆಂದೂ, ಸಾವಿರ ಪರ್ದಾವ್‌ಗಳಿಗೆ (ಪೋರ್ಚುಗೀಸರು ವರಾಹವೆಂಬ ಚಿನ್ನದ ನಾಣ್ಯಕ್ಕೆ ಇಟ್ಟಿದ್ದ ಹೆಸರು ಇದು) ಮೂರರಂತೆ ಬದುಕಿದ್ದನ್ನೂ ಸತ್ತದ್ದನ್ನೂ ಕೊಳ್ಳುತ್ತಿದ್ದನೆಂದೂ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಪೂರ್ತಿ ಬೆಲೆ ಸಲ್ಲುತ್ತಿತ್ತೆಂದೂ ನ್ಯೂನಿಜ್ ಹೇಳುತ್ತಾನೆ. ಎರಡನೆಯದು ಅವನ ಸ್ವಂತ ಕಾಲದ್ದು. ಅರಸ ಒಳ್ಳೆಯ ವಿದೇಶಿ ಕುದುರೆಗಳನ್ನು ತನಗೆ ಇರಿಸಿಕೊಂಡು, ನಾಡತಳಿಯ ಕುದುರೆಗಳನ್ನು ಸಾವಿರಕ್ಕೆ ಐದರಂತೆ ತನ್ನ ದಳಪತಿಗಳಿಗೆ ಮಾರುತ್ತಾನೆ. ಅವರು ಸೆಪ್ಟೆಂಬರ್ ತಿಂಗಳೊಳಗೆ ಹಣ ಕಟ್ಟಬೇಕು. ಆ ಹಣದಿಂದಲೇ ಪೋರ್ಚುಗೀಸರ ಅರಬ್ಬೀ ಕುದುರೆಗಳ ಬಾಕಿ ತೀರುವುದರಿಂದ ಬೊಕ್ಕಸದಿಂದ ಏನೂ ಹೋಗುವುದಿಲ್ಲ ಎಂಬುದು ಅದರ ಸಾರ.

ಲೇಖಕ ಒಬ್ಬನೇ, ಗ್ರಂಥ ಒಂದೇ, ವಿಷಯವೂ ಒಂದೇ. ಆದರೂ ಇವೆರಡರ ತೂಕ ಒಂದೇ ಅಲ್ಲ. ಸಾಳುವ ನರಸಿಂಹ ಪಟ್ಟಕ್ಕೆ ಬಂದದ್ದು 1485ರ ಸುಮಾರಿಗೆ, ತೀರಿಕೊಂಡದ್ದು 1491ರ ಹೊತ್ತಿಗೆ. ವಾಸ್ಕೋ ಡ ಗಾಮಾ ಮಲಬಾರಿನ ದಡ ಸೇರಿದ್ದೇ 1498ರಲ್ಲಿ. ಆದ್ದರಿಂದ ಬಾಲದ ಸಂಗತಿಯನ್ನು ನ್ಯೂನಿಜ್ ಮಾತ್ರವಲ್ಲ, ಅವನಿಗೆ ಅದನ್ನು ಹೇಳಬಹುದಾಗಿದ್ದ ಯಾವ ಪೋರ್ಚುಗೀಸನೂ ಕಂಡಿರಲಾರ. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬಾಯಿಂದ ಬಾಯಿಗೆ ಬಂದದ್ದನ್ನೋ, ಸ್ಥಳೀಯರು ಹೇಳಿದ್ದನ್ನೋ ಅವನು ಬರೆದಿದ್ದಾನೆ. ಸೆಪ್ಟೆಂಬರ್ ತಿಂಗಳ ಗಡುವಿನ ಮಾತು ಹಾಗಲ್ಲ. ಹಣ ಯಾವಾಗ ಕೈಸೇರುತ್ತದೆ, ಅದು ಯಾರ ಜೇಬಿನಿಂದ ಬರುತ್ತದೆ ಎಂಬುದು ಕುದುರೆ ಮಾರುವವನು ತಿಳಿದಿರಲೇಬೇಕಾದ ಸಂಗತಿ.

ಇಲ್ಲಿ ಸಾಮಾನ್ಯವಾಗಿ ಬರುವ ಎರಡು ಉತ್ತರಗಳು ಎಷ್ಟು ಬಡವೆಂದು ಕಾಣುತ್ತದೆ. ಲೇಖಕ ಕಣ್ಣಾರೆ ಕಂಡವನು, ಆದ್ದರಿಂದ ನಂಬಬಹುದು ಎಂಬುದು ಒಂದು ಉತ್ತರ. ಅದು ಗ್ರಂಥದ ಅರ್ಧಕ್ಕೆ ಮಾತ್ರ ಹೊಂದುತ್ತದೆ, ಏಕೆಂದರೆ ಊರಿನಲ್ಲಿ ಇದ್ದವನು ಆ ಊರಿನ ಹಿಂದಿನ ಕಾಲಕ್ಕೆ ಸಾಕ್ಷಿಯಾಗುವುದಿಲ್ಲ. ಲೇಖಕ ವಿದೇಶಿ, ಲಾಭದಾಸೆಯ ವ್ಯಾಪಾರಿ, ಆದ್ದರಿಂದ ಪಕ್ಷಪಾತಿ, ನಂಬಲಾಗದು ಎಂಬುದು ಇನ್ನೊಂದು ಉತ್ತರ. ಇದು ನೋಡಲು ವಿಮರ್ಶಾತ್ಮಕವಾಗಿದ್ದರೂ ಮೊದಲಿನದಕ್ಕಿಂತ ಹೆಚ್ಚು ದಾರಿ ತಪ್ಪಿಸುತ್ತದೆ. ಯಾವ ಲಾಭದಾಸೆಯನ್ನು ಇಲ್ಲಿ ದೋಷವೆಂದು ಎಣಿಸಲಾಗಿದೆಯೋ ಅದೇ ಆಸೆ ಅವನನ್ನು ದರ, ಗಡುವು, ಪಾವತಿಗಳ ವಿಷಯದಲ್ಲಿ ಎಚ್ಚರದ ವೀಕ್ಷಕನನ್ನಾಗಿ ಮಾಡಿದೆ. ದೃಷ್ಟಿಕೋನವೆಂದರೆ ಕಣ್ಣಿಗೆ ಕವಿದ ಪೊರೆ ಮಾತ್ರವಲ್ಲ. ಲೇಖಕ ಯಾವುದನ್ನು ಹತ್ತಿರದಿಂದ ನೋಡಬಲ್ಲ ಎಂಬುದನ್ನು ನಿರ್ಧರಿಸುವ ನೆಲೆಯೂ ಅದೇ. ಅದೇ ವ್ಯಾಪಾರಿ ದೇವಾಲಯದ ಪೂಜಾವಿಧಿಯ ಅರ್ಥವನ್ನು ವಿವರಿಸಹೊರಟರೆ ಅವನ ಮಾತಿಗೆ ಈ ಬೆಲೆ ಇರದು.

ಹಾಗಾದರೆ ಬಾಲದ ಕಥೆಯನ್ನು ತಳ್ಳಿಹಾಕಬೇಕೆ? ಅದಕ್ಕೆ ಮೊದಲು ಹೊರಗಿನ ಸಾಕ್ಷ್ಯವನ್ನು ನೋಡಬೇಕಾಗುತ್ತದೆ. ಒಂದು ಆಕರದ ಮಾತನ್ನು ಅದನ್ನು ಅವಲಂಬಿಸದ ಇನ್ನೊಂದರೊಡನೆ ಹೋಲಿಸಿ ನೋಡುವ ಈ ಕ್ರಮವನ್ನು ತಾಳೆ ನೋಡುವುದು ಎನ್ನಬಹುದು. ಹದಿನಾಲ್ಕನೆಯ ಶತಮಾನದ ಆರಂಭದ ಪಾರಸಿ ಇತಿಹಾಸಕಾರ ವಸ್ಸಾಫ್, ತಮಿಳುನಾಡಿನ ಪಾಂಡ್ಯರ ಬಗ್ಗೆ ಬರೆಯುವಾಗ, ದಾರಿಯಲ್ಲಿ ಸತ್ತ ಕುದುರೆಗಳಿಗೂ ಅರಸನ ಬೊಕ್ಕಸದಿಂದ ಬೆಲೆ ಸಲ್ಲಬೇಕೆಂಬ ಒಪ್ಪಂದವಿತ್ತೆಂದು ಹೇಳುತ್ತಾನೆ. ಕಡಲಿನ ನಷ್ಟವನ್ನು ಕೊಳ್ಳುವವನೇ ಹೊರುವ ವಾಡಿಕೆ ಈ ವ್ಯಾಪಾರದಲ್ಲಿ ಇದ್ದಿರಬಹುದು ಎಂಬುದಕ್ಕೆ ಇದು ಬಲ ಕೊಡುತ್ತದೆ. ಬಾಲವನ್ನು ತಂದು ತೋರಿಸುವ ವಿವರಕ್ಕೆ ಕೊಡುವುದಿಲ್ಲ. ಮತ್ತೊಂದು ದಿಕ್ಕಿನಿಂದ ಕೃಷ್ಣದೇವರಾಯನ ತೆಲುಗು ಕಾವ್ಯ ಆಮುಕ್ತಮಾಲ್ಯದದ ರಾಜನೀತಿಯ ಭಾಗವಿದೆ. ಆನೆ ಮತ್ತು ಒಳ್ಳೆಯ ಕುದುರೆಗಳನ್ನು ತರುವ ದೂರದೇಶದ ವರ್ತಕರನ್ನು ಅರಸ ಆದರ, ಉಡುಗೊರೆ, ಲಾಭಗಳಿಂದ ತನ್ನ ಕಡೆ ಸೆಳೆದುಕೊಳ್ಳಬೇಕು, ಇಲ್ಲವಾದರೆ ಆ ಪ್ರಾಣಿಗಳು ಶತ್ರುವಿನ ಪಾಲಾಗುತ್ತವೆ ಎಂಬುದು ಅಲ್ಲಿನ ಅಭಿಪ್ರಾಯ. ಇದು ನಡೆದದ್ದರ ವರದಿಯಲ್ಲ, ನಡೆಯಬೇಕಾದದ್ದರ ವಿಧಿ. ಹಾಗಾಗಿ ಯಾವ ವರ್ಷ ಎಷ್ಟು ಕೊಟ್ಟರೆಂಬ ಪ್ರಶ್ನೆಗೆ ಅದು ಮೂಕವಾಗಿದೆ. ಆದರೆ ವ್ಯಾಪಾರಿಗೆ ಔದಾರ್ಯದಂತೆ ಕಂಡದ್ದು ಅರಸನಿಗೆ ಸೈನ್ಯದ ಲೆಕ್ಕಾಚಾರವಾಗಿತ್ತು ಎಂಬುದನ್ನು ಅದಕ್ಕಿಂತ ಚೆನ್ನಾಗಿ ತೋರಿಸುವ ಆಕರ ಸಿಗುವುದು ಕಷ್ಟ. ಇನ್ನು ಬಾಲದ ವಿವರ ಸುಳ್ಳೆಂದೇ ಇಟ್ಟುಕೊಂಡರೂ, 1530ರ ದಶಕದ ಜನ ಹಳೆಯ ಅರಸನನ್ನು ಹೇಗೆ ನೆನೆಯುತ್ತಿದ್ದರು ಎಂಬ ಪ್ರಶ್ನೆಗೆ ಆ ಕಥೆ ಉತ್ತಮ ಪುರಾವೆಯಾಗುತ್ತದೆ. ದೊರೆಯಿಂದ ಹೆಚ್ಚಿನ ಬೆಲೆ ಬಯಸುವ ವರ್ತಕರಿಗೆ ಅಂಥ ನೆನಪು ಅನುಕೂಲವಾಗಿಯೂ ಇದ್ದಿರಬೇಕು.

ಈ ವಿಚಾರಣೆ ಸಾಧ್ಯವಾದದ್ದು ಮುಖ್ಯವಾಗಿ ಒಂದು ಸಣ್ಣ ಮಾಹಿತಿಯಿಂದ: ಬಾಲದ ಮಾತು ನರಸಿಂಹನ ಕಾಲದ್ದು, ಬರೆದದ್ದು ಅಚ್ಯುತನ ಕಾಲದಲ್ಲಿ. ಪರೀಕ್ಷೆಗೆಂದು ತುಣುಕನ್ನು ಕತ್ತರಿಸುವಾಗ ಮೊದಲು ಬಿದ್ದುಹೋಗುವುದು ಇದೇ ಮಾಹಿತಿ. ಅರಸನ ಹೆಸರಿರುವ ವಾಕ್ಯ ಕತ್ತರಿಯ ಆಚೆ ಉಳಿದು, ಕೆಳಗೆ ನ್ಯೂನಿಜ್‌ನ ಹೆಸರಷ್ಟೇ ಅಚ್ಚಾದರೆ, ವಿದ್ಯಾರ್ಥಿ ಅದನ್ನು ಕಣ್ಣಾರೆ ಕಂಡವನ ವರದಿಯೆಂದು ಓದುತ್ತಾನೆ. ಓದಬಾರದು ಎನ್ನಲು ಅವನ ಮುಂದೆ ಆಧಾರವೇ ಇರುವುದಿಲ್ಲ. ಆಗ ಅವನು ವಿದೇಶಿಯ ಪಕ್ಷಪಾತವೆಂಬ ಬಾಯಿಪಾಠದ ಉತ್ತರ ಬರೆದರೆ ತಪ್ಪು ಅವನದಲ್ಲ. ಈ ಆಕರ ವಿಶ್ವಾಸಾರ್ಹವೇ ಎಂದು ಕೇಳುವ ಬದಲು, ನರಸಿಂಹನ ಕುದುರೆ ಖರೀದಿಯ ಬಗ್ಗೆ ಇದನ್ನು ಎಷ್ಟರಮಟ್ಟಿಗೆ ನಂಬಬಹುದು, ಅಚ್ಯುತನ ಕಾಲದ ಪಾವತಿಯ ಬಗ್ಗೆ ಎಷ್ಟರಮಟ್ಟಿಗೆ, ಮತ್ತು ಈ ಎರಡು ಉತ್ತರಗಳು ಏಕೆ ಬೇರೆಯಾಗುತ್ತವೆ ಎಂದು ಕೇಳಿದರೆ ಬಾಯಿಪಾಠಕ್ಕೆ ಎಡೆಯೇ ಇರದು. ತುಣುಕಿನ ಕೆಳಗೆ ಬರೆದವನು ಯಾರು, ಬರೆದದ್ದು ಯಾವಾಗ, ಹೇಳುತ್ತಿರುವುದು ಯಾವ ಕಾಲದ ಮಾತು ಎಂಬ ಮೂರನ್ನೂ ಕೊಡದ ಪ್ರಶ್ನೆಪತ್ರಿಕೆಗೆ ವಿಶ್ವಾಸಾರ್ಹತೆಯ ಹೆಸರಿನಲ್ಲಿ ಅಂಕ ಕಳೆಯುವ ಅಧಿಕಾರವಿಲ್ಲ.