ಆಷಾಢದ ಸೇಲ್ ಯಾರಿಗಾಗಿ?

ಅಕ್ಕನ ಮದುವೆಯಲ್ಲಿ ಬೀಗರ ಕಡೆಯ ಹೆಂಗಸರಿಗೆ ಕೊಡೋಕೆ ಹತ್ತು ಸೀರೆ ಬೇಕಿತ್ತು. ಮದುವೆ ಇದ್ದದ್ದು ಮಾರ್ಗಶಿರದಲ್ಲಿ, ಭತ್ತ ಕೊಯ್ದ ಮೇಲೆ. ಆದರೆ ಅಪ್ಪ ಲೆಕ್ಕದ ಮನುಷ್ಯ. ಆಷಾಢದಲ್ಲೇ ನನ್ನನ್ನೂ ಕರ್ಕೊಂಡು ಸಿರುಗುಪ್ಪ ಕಡೆಯ ನಮ್ಮೂರಿಂದ ಬಸ್ ಹತ್ತಿ ಬಳ್ಳಾರಿಗೆ ಬಂದರು. ಅಂಗಡಿಯೊಂದರ ಮುಂದೆ ದೊಡ್ಡ ಬ್ಯಾನರ್: 1500ರ ಸೀರೆ 900ಕ್ಕೆ. ಅಪ್ಪ ಹತ್ತು ಸೀರೆ ಆರಿಸಿ ಪಕ್ಕಕ್ಕಿಟ್ಟು, "ಸಾವ್ಕಾರ್ರೆ, ಅರ್ಧ ಈಗ ಕೊಡ್ತೀನ್ರಿ, ಉಳಿದಿದ್ದು ಭತ್ತ ಬಂದ ಮೇಲೆ" ಅಂದರು.

"ಸೇಲ್ ರೇಟಿಗೆ ಉದ್ರಿ ಇಲ್ಲಪಾ" ಅಂತ ಉತ್ತರ ಬಂತು.

ಸೀರೆ ಅಲ್ಲೇ ಬಿಟ್ಟು ಊರಿಗೆ ಬಂದ್ವಿ. ಕೊಯ್ಲಾದ ಮೇಲೆ ಅಂಥದ್ದೇ ಸೀರೆಗಳನ್ನ 1500ರಂತೆ ತಂದ್ವಿ. ಆರು ಸಾವಿರ ಹೆಚ್ಚು ಹೋಯ್ತು. ಆಗ ನಾನು ಬಿಇ ಓದ್ತಿದ್ದೆ. ಅಂಗಡಿಯವರು ಮೋಸ ಮಾಡಿದ್ರು ಅಂತ ಸಿಟ್ಟಾಗಿದ್ದೆ. ಈಗ ಯೋಚಿಸಿದ್ರೆ ಅದು ಮೋಸ ಅಲ್ಲ, ಆದರೆ ಸರಿಯೂ ಅಲ್ಲ ಅನ್ಸುತ್ತೆ. ಎಲ್ಲಿ ಸರಿ ಅಲ್ಲ ಅನ್ನೋದನ್ನ ಹಿಡಿಯೋಕೆ ನನಗೆ ಹತ್ತು ವರ್ಷ ಬೇಕಾಯ್ತು.

ಮೊದಲು ಅಂಗಡಿಯವರ ಲೆಕ್ಕ ನೋಡೋಣ. ಒಂದು ಸೀರೆಯ ಅಸಲು 600 ಅಂತಿಟ್ಕೊಳ್ಳಿ. ಗಿರಾಕಿಗಳು ಇಬ್ಬರು. ಒಬ್ಬರಿಗೆ ಮುಂದಿನ ವಾರವೇ ಸಮಾರಂಭ, 1500 ಕೊಡೋಕೂ ತಯಾರು. ಇನ್ನೊಬ್ಬರು 900ಕ್ಕಿಂತ ಒಂದು ರೂಪಾಯಿ ಹೆಚ್ಚಾದ್ರೂ ಎದ್ದು ಹೋಗ್ತಾರೆ. ವರ್ಷವಿಡೀ ಒಂದೇ ಬೆಲೆ ಇಟ್ಟರೆ ಏನಾಗುತ್ತೆ? 1500 ಅಂದ್ರೆ ಒಂದೇ ಸೀರೆ ಹೋಗುತ್ತೆ, ಲಾಭ 900. 900 ಅಂದ್ರೆ ಎರಡೂ ಹೋಗ್ತವೆ, ಆದರೆ ಲಾಭ 600 ಮಾತ್ರ. ಸೀಜನ್ನಿನಲ್ಲಿ 1500, ಆಷಾಢದಲ್ಲಿ 900 ಅಂತ ಇಟ್ಟರೆ ಎರಡೂ ಹೋಗಿ ಲಾಭ 1200. ಕಡಿಮೆ ದುಡ್ಡಿನವರಿಗೂ ಸೀರೆ ಸಿಕ್ತು, ಅಂಗಡಿಗೂ ಲಾಭ ಆಯ್ತು.

ಈ ಲೆಕ್ಕ ನಿಲ್ಲಬೇಕಂದ್ರೆ ಒಂದು ಷರತ್ತಿದೆ: 1500 ಕೊಡಬಲ್ಲವರು 900ರ ದಿನಕ್ಕೆ ಕಾಯಬಾರದು. ಅದಕ್ಕೆ ನಡುವೆ ಒಂದು ಬೇಲಿ ಬೇಕು. ಆಷಾಢ ನಮ್ಮಲ್ಲಿ ತಾನಾಗಿಯೇ ಸಿಕ್ಕ ಬೇಲಿ. ಆ ತಿಂಗಳು ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಅವಸರದವರು ಅಂಗಡಿ ಕಡೆ ಬರೋದೇ ಕಡಿಮೆ. ಶ್ರಾವಣದ ಹೊಸ ಮಾಲು ಬರೋ ಮುಂಚೆ ಹಳೇ ಮಾಲು ಖಾಲಿ ಮಾಡಬೇಕಾದ ನಿಜವಾದ ಕಾರಣವೂ ಅಂಗಡಿಯವರಿಗಿದೆ. ಅದರ ಜೊತೆಗೆ ಚಿಕ್ಕಚಿಕ್ಕ ಬೇಲಿಗಳು: ಎಕ್ಸ್‌ಚೇಂಜ್ ಇಲ್ಲ, ಬೇಕಾದ ಬಣ್ಣ ಇಲ್ಲ, ರಾಶಿಯಲ್ಲಿ ನೀವೇ ಹುಡುಕಿ.

ಇವೆಲ್ಲ ಜಿಪುಣತನದಿಂದ ಆದ ಅನಾನುಕೂಲ ಅಂತ ನಾವು ಅಂದ್ಕೋತೀವಿ. ಫ್ರಾನ್ಸಿನ ಜೂಲ್ಸ್ ದ್ಯುಪುಯಿ ಅನ್ನೋ ಇಂಜಿನಿಯರ್ 1849ರಲ್ಲೇ ಇದರ ಗುಟ್ಟು ಬರೆದಿದ್ದರು. ಆಗಿನ ರೈಲುಗಳ ಮೂರನೇ ದರ್ಜೆಯ ಡಬ್ಬಿಗಳಿಗೆ ಚಾವಣಿ ಇರ್ತಿರಲಿಲ್ಲ. ಚಾವಣಿಗೆ ದುಡ್ಡಿಲ್ಲ ಅಂತಲ್ಲ, ಬಡವರಿಗೆ ನೋವಾಗಲಿ ಅಂತಲೂ ಅಲ್ಲ. ಎರಡನೇ ದರ್ಜೆಯ ಟಿಕೆಟ್ ಕೊಳ್ಳಬಲ್ಲವರು ಮೂರನೇ ದರ್ಜೆಗೆ ಇಳಿದು ಬರಬಾರದು ಅಂತ, ಅಷ್ಟೇ. ಆದರೆ ಮಳೆಯಲ್ಲಿ ನೆನೆದದ್ದು ಬಡವರೇ.

ನಾನೂ ಇಂಥ ಬೇಲಿ ಕಟ್ಟಿದ್ದೀನಿ. ಹಿಂದೆ ಕೆಲಸ ಮಾಡ್ತಿದ್ದ ಕಡೆ ಕೂಪನ್ ಕೊಡೋ ನಿಯಮಗಳನ್ನ ಬರೆಯೋದು ನನ್ನ ಪಾಲಿಗೆ ಬಂದಿತ್ತು. ಸಾಮಾನನ್ನ ಕಾರ್ಟ್‌ಗೆ ಹಾಕಿ ಕೊಳ್ಳದೆ ಹೋದವರಿಗೆ ಮರುದಿನ ಒಂದು ಕೂಪನ್ ಹೋಗುತ್ತೆ. ತಕ್ಷಣ ಕೊಂಡವರಿಗೆ ಏನೂ ಇಲ್ಲ. ಕಾದವರು ಬೆಲೆ ನೋಡೋರು, ಕಾಯದವರು ಅವಸರದವರು ಅನ್ನೋದು ಅದರ ಹಿಂದಿನ ಊಹೆ. ಆ ಕೂಪನ್ನಿಗೆ ಇನ್ನೊಂದು ಸಾಲು ಸೇರಿತ್ತು: ಕ್ಯಾಶ್ ಆನ್ ಡೆಲಿವರಿಗೆ ಅನ್ವಯಿಸದು. ಬಾಗಿಲಿಗೆ ಹೋದ ಪಾರ್ಸೆಲ್ ವಾಪಸ್ ಬಂದ್ರೆ ಖರ್ಚು ಅನ್ನೋದು ಕಾರಣ. ಕಾರಣ ಸುಳ್ಳಲ್ಲ. ಆದರೆ ಆ ಸಾಲು ಟೈಪ್ ಮಾಡುವಾಗ "ಸೇಲ್ ರೇಟಿಗೆ ಉದ್ರಿ ಇಲ್ಲಪಾ" ಅನ್ನೋ ದನಿ ಕಿವಿಯಲ್ಲಿ ಕೇಳಿಸ್ತು.

ಅಲ್ಲಿಗೆ ನನಗೆ ವಿಷಯ ಹೊಳೆಯಿತು. ಸೇಲ್ ಬೇರ್ಪಡಿಸೋದು ಬಡವರನ್ನೂ ಶ್ರೀಮಂತರನ್ನೂ ಅಲ್ಲ. ಕಾಯಬಲ್ಲವರನ್ನೂ ಕಾಯಲಾಗದವರನ್ನೂ. ಕಾಯೋಕೆ ಎರಡು ಬೇಕು: ಪುರುಸೊತ್ತು ಮತ್ತು ಸೇಲ್ ಬಂದ ದಿನ ಕೈಯಲ್ಲಿ ರೊಕ್ಕ. ತಿಂಗಳ ಸಂಬಳದ ನನಗೆ ಆಷಾಢವೂ ಒಂದೇ, ಮಾರ್ಗಶಿರವೂ ಒಂದೇ. ಅಪ್ಪನಿಗೆ ಹಾಗಲ್ಲ. ಆಷಾಢ ಅಂದ್ರೆ ಕಾಲುವೆಗೆ ನೀರು ಬಿಡೋದನ್ನ ಕಾಯ್ತಾ ಭತ್ತದ ಸಸಿ ಮಡಿ ಹಾಕೋ ಹೊತ್ತು. ಬೀಜ, ಗೊಬ್ಬರ, ಟ್ರ್ಯಾಕ್ಟರ್, ಆಮೇಲೆ ನಾಟಿ ಕೂಲಿ, ಎಲ್ಲ ರೊಕ್ಕ ಹೊರಗೆ ಹೋಗೋ ಕಾಲ. ರೊಕ್ಕ ಒಳಗೆ ಬರೋದು ಕೊಯ್ಲಿಗೆ, ಆಗ ಮದುವೆ ಸೀಜನ್, ಪೂರ್ತಿ ಬೆಲೆ. ಒಂದು ರೂಪಾಯಿಗೂ ಲೆಕ್ಕ ಹಾಕೋ ಮನುಷ್ಯನನ್ನ ಆ ಬೇಲಿ "ಅವಸರದ ಶ್ರೀಮಂತ"ರ ಸಾಲಿಗೆ ತಳ್ಳಿತ್ತು.

ಕುರುಗೋಡಿನಲ್ಲಿ ಸಣ್ಣ ಬಟ್ಟೆ ಅಂಗಡಿ ಇಟ್ಟಿರೋ ಗೆಳೆಯನ ಹತ್ತಿರ ಇದನ್ನ ಹೇಳಿದೆ. "ಲೇ, ಉದ್ರಿ ಕೊಟ್ರೆ ನನ್ನ ಬಂಡವಾಳ ಐದು ತಿಂಗಳು ಸಿಕ್ಕಾಕ್ಕೊಳ್ತದ" ಅಂದ. ನಿಜ. ಇಬ್ಬರೂ ಕೂತು ಲೆಕ್ಕ ಹಾಕಿದ್ವಿ. 900 ರೂಪಾಯಿಗೆ ನೂರಕ್ಕೆ ಎರಡರಂತೆ ಬಡ್ಡಿ ಹಾಕಿದ್ರೂ ಐದು ತಿಂಗಳಿಗೆ 90. ಹತ್ತು ಜನರಲ್ಲಿ ಒಬ್ಬ ಕೊಡದೇ ಹೋಗ್ತಾನೆ ಅಂತ ಇನ್ನೊಂದು 110 ಸೇರಿಸೋಣ. 1100 ಆಯ್ತು. ಮಿಕ್ಕ 400 ಯಾತಕ್ಕೆ?

ಅವನು ನಕ್ಕ. "ರೈತರಿಗೆಲ್ಲ 1100ಕ್ಕೆ ಕೊಟ್ರೆ, ಸೀಜನ್ನಿನಾಗ 1500 ಕೊಡೋರು ಯಾರು ಉಳೀತಾರ?"

ಪ್ರಾಮಾಣಿಕ ಉತ್ತರ. ಆ 400 ಸಾಲದ ಖರ್ಚಲ್ಲ, ಬೇಲಿಯ ಎತ್ತರ.

ಹಾಗಂತ ಒಂದೇ ಬೆಲೆ ಇರಲಿ ಅಂತ ನಾನು ಹೇಳಲಾರೆ. ಮೇಲಿನ ಲೆಕ್ಕ ಮತ್ತೊಮ್ಮೆ ನೋಡಿ. ಒಂದೇ ಬೆಲೆ ಅಂದ್ರೆ ಅಂಗಡಿ ಆರಿಸೋದು 1500ನ್ನ, 900ರ ಗಿರಾಕಿಗೆ ಸೀರೆಯೇ ಇಲ್ಲ. ಹಳೇ ಚೌಕಾಸಿ ಪದ್ಧತಿಯೂ ಉತ್ತಮ ಅಲ್ಲ. ಅಲ್ಲಿ ಅಂಗಡಿಯವರು ಗಿರಾಕಿಯ ಚಪ್ಪಲಿ, ಮಾತು, ಜಾತಿ ಅಳೆದು ಬೆಲೆ ಹೇಳ್ತಿದ್ರು. ಬ್ಯಾನರ್ ಮೇಲಿನ 900 ಯಾರ ಮುಖವನ್ನೂ ನೋಡಲ್ಲ. ಅದು ಸಣ್ಣ ನ್ಯಾಯವೇನಲ್ಲ.

1500ಕ್ಕೆ ಯಾವತ್ತೂ ಯಾರೂ ಕೊಳ್ಳದ ಸೀರೆಗೆ 1500ರ ಚೀಟಿ ಅಂಟಿಸಿ ಹೊಡೆದು ಹಾಕಿದ್ರೆ ಅದು ಬೇಲಿಯೂ ಅಲ್ಲ, ಬರೀ ಸುಳ್ಳು. ಅದನ್ನ ಕಂಡುಹಿಡಿಯೋದು ಸುಲಭ: ಸೇಲಿಗೆ ಒಂದು ತಿಂಗಳು ಮುಂಚೆ ಅದೇ ಸೀರೆಯ ಬೆಲೆ ಚೀಟಿಯ ಫೋಟೋ ತೆಗೆದಿಟ್ಕೊಳ್ಳಿ. ನಾನು ಕೇಳ್ತಿರೋದು ಸುಳ್ಳಿಲ್ಲದ ಸೇಲ್ ಬಗ್ಗೆ. ಬೇರೆ ಬೇರೆ ಬೆಲೆ ತಪ್ಪಲ್ಲ. ಆದರೆ ಬೇಲಿ ಕಟ್ಟೋರು, ಇದನ್ನ ದಾಟಲಾಗದೆ ಉಳಿಯೋರು ಯಾರು ಅಂತ ಒಮ್ಮೆ ಎದ್ದು ನೋಡಬೇಕು. ಅವಸರದವರು ಉಳಿದ್ರೆ ಸರಿ. ಯಾರಿಗೆ ರಿಯಾಯಿತಿ ಅಂತ ಹೇಳ್ತಿದ್ದೀವೋ ಅವರೇ ಉಳಿದ್ರೆ, ಬೇಲಿಯ ಜಾಗ ತಪ್ಪಿದೆ. ನಾನು ಆ ಕೂಪನ್ ಸಾಲನ್ನ ಟೈಪ್ ಮಾಡಿದ ದಿನ ಎದ್ದು ನೋಡಲಿಲ್ಲ, ಕೇಳಲೂ ಇಲ್ಲ.

ಕಳೆದ ಆಷಾಢದಲ್ಲಿ ಅಪ್ಪನಿಗೆ ಹತ್ತು ಸಾವಿರ ಕಳಿಸಿ, "ಅಪ್ಪಾ, ಈ ಸಲ ಸೇಲಿನಾಗೇ ಅವ್ವಗ ಸೀರೆ ತಗೋರಿ" ಅಂದೆ. ವಾರ ಬಿಟ್ಟು ಫೋನ್ ಮಾಡಿದಾಗ ಕೇಳಿದೆ, ಸೀರೆ ತಂದ್ರಾ ಅಂತ.

"ಗೊಬ್ಬರ ತಂದೆ, ತಮ್ಮಾ" ಅಂದರು.