ತಿಳಿಯದವನು ಹೇಳುವ ಕತೆ

1926ರಲ್ಲಿ ಆರ್ಥರ್ ಕಾನನ್ ಡಾಯ್ಲ್ ಒಂದು ವಿಚಿತ್ರ ಕೆಲಸ ಮಾಡಿದರು. ಅಲ್ಲಿಯವರೆಗೆ ಷರ್ಲಾಕ್ ಹೋಮ್ಸ್‌ನ ಕತೆಗಳನ್ನು ಹೆಚ್ಚುಕಡಿಮೆ ಎಲ್ಲವನ್ನೂ ಡಾಕ್ಟರ್ ವಾಟ್ಸನ್ ಬಾಯಿಂದಲೇ ಹೇಳಿಸಿಕೊಂಡು ಬಂದಿದ್ದವರು, ಆ ವರ್ಷ ಎರಡು ಕತೆಗಳನ್ನು ಹೋಮ್ಸ್‌ನ ಕೈಯಿಂದಲೇ ಬರೆಸಿದರು. ‘ಬ್ಲಾಂಚ್ಡ್ ಸೋಲ್ಜರ್’ ಒಂದು, ‘ಲಯನ್ಸ್ ಮೇನ್’ ಇನ್ನೊಂದು. ಮೊದಲನೆಯದರ ಆರಂಭದಲ್ಲೇ ಹೋಮ್ಸ್ ತನ್ನ ಫಜೀತಿ ತೋಡಿಕೊಳ್ಳುತ್ತಾನೆ. ವಾಟ್ಸನ್ ಬರೆಯುವುದು ಮೇಲುಮೇಲಿನ ರಂಜನೆ ಎಂದು ಎಷ್ಟೋ ಸಲ ಆಕ್ಷೇಪಿಸಿದ್ದವನು ತಾನೇ ಲೇಖನಿ ಹಿಡಿದಾಗ, ಓದುಗನ ಆಸಕ್ತಿ ಉಳಿಯಬೇಕಾದರೆ ವಿಷಯವನ್ನು ವಾಟ್ಸನ್ ರೀತಿಯಲ್ಲೇ ಒಪ್ಪಿಸಬೇಕು ಎಂದು ಒಪ್ಪಿಕೊಳ್ಳುತ್ತಾನೆ. ಕತೆ ನಡುವೆಯೂ ಗೆಳೆಯ ಇಲ್ಲದ್ದಕ್ಕೆ ಪೇಚಾಡುತ್ತಾನೆ.

ಇದು ತಮಾಷೆಯ ಮಾತಿನಂತೆ ಕಂಡರೂ ಒಬ್ಬ ಕಸುಬುದಾರನ ಸಂಕಟ ಇದರಲ್ಲಿದೆ. ಪತ್ತೇದಾರನ ಪಕ್ಕದಲ್ಲಿ ಸ್ವಲ್ಪ ನಿಧಾನ ಬುದ್ಧಿಯ ಜೊತೆಗಾರ ಯಾಕೆ ಇರುತ್ತಾನೆ ಎಂದು ಕೇಳಿದರೆ, ನಾಯಕನ ಜಾಣತನ ಎದ್ದು ಕಾಣಲಿ ಎಂದು, ಓದುಗನ ಪರವಾಗಿ ಪ್ರಶ್ನೆ ಕೇಳಲಿ ಎಂದು ಸಾಮಾನ್ಯವಾಗಿ ಉತ್ತರ ಬರುತ್ತದೆ. ಸುಳ್ಳಲ್ಲ. ಆದರೆ ಹೊಗಳುವುದಕ್ಕೆ, ಪ್ರಶ್ನೆ ಕೇಳುವುದಕ್ಕೆ ಒಬ್ಬ ಕೆಲಸದಾಳೋ ಇನ್‌ಸ್ಪೆಕ್ಟರನೋ ಸಾಕಾಗಿತ್ತು. ಕತೆ ಹೇಳುವ ಅಧಿಕಾರವನ್ನೇ ತಿಳಿಯದವನ ಕೈಗೆ ಕೊಡಬೇಕಾದ ಅಗತ್ಯ ಎಲ್ಲಿತ್ತು?

‘ಲಯನ್ಸ್ ಮೇನ್’ನಲ್ಲಿ ಏನಾಯಿತು ನೋಡಿ. ಹೋಮ್ಸ್ ನಿವೃತ್ತನಾಗಿ ಸಸೆಕ್ಸ್ ಕಡಲ ತಡಿಯಲ್ಲಿ ಜೇನು ಸಾಕಿಕೊಂಡಿದ್ದಾನೆ. ಒಂದು ಬೆಳಗ್ಗೆ ಮೆಕ್‌ಫರ್ಸನ್ ಎಂಬ ಮೇಷ್ಟ್ರು ದಂಡೆಯ ಕಡೆಯಿಂದ ತೂರಾಡುತ್ತ ಬಂದು, ಸಿಂಹದ ಕೇಸರದ ಬಗ್ಗೆ ಏನೋ ತೊದಲಿ ಸಾಯುತ್ತಾನೆ. ಬೆನ್ನ ತುಂಬ ತಂತಿಯ ಚಾಟಿಯಲ್ಲಿ ಬಾರಿಸಿದಂಥ ಕೆಂಪು ಬರೆ. ಕೊಂದದ್ದು ಮನುಷ್ಯನಲ್ಲ, ಕಡಲಿನ ಒಂದು ಜೆಲ್ಲಿಮೀನು. ಅದರ ಬಗ್ಗೆ ಹೋಮ್ಸ್ ಹಿಂದೆಂದೋ ಒಂದು ಪುಸ್ತಕದಲ್ಲಿ ಓದಿದ್ದ. ಕತೆ ಹೇಳುತ್ತಿರುವವನೂ ಅವನೇ. ನೆನಪಾದದ್ದನ್ನು ಆಗಲೇ ಹೇಳಿಬಿಟ್ಟರೆ ಕತೆ ಅಲ್ಲಿಗೇ ಮುಗಿಯಿತು. ಹೇಳದಿದ್ದರೆ ನಮ್ಮ ಜೊತೆ ಕೂತು ಮಾತಾಡುತ್ತಲೇ ನಮ್ಮಿಂದ ಬಚ್ಚಿಟ್ಟಂತಾಯಿತು. ಡಾಯ್ಲ್ ಕಂಡುಕೊಂಡ ದಾರಿ ಏನೆಂದರೆ, ಎಲ್ಲೋ ಓದಿದ ನೆನಪು ಮನಸ್ಸಿನಲ್ಲಿದೆ, ಆದರೆ ಕೈಗೆ ಸಿಕ್ಕುತ್ತಿಲ್ಲ ಎಂದು ಹೋಮ್ಸ್ ಬಾಯಲ್ಲಿ ಹೇಳಿಸುವುದು. ಕೊನೆಗೆ ಅಟ್ಟ ಹತ್ತಿ ಪುಸ್ತಕ ಹುಡುಕುತ್ತಾನೆ, ಸಿಗುತ್ತದೆ, ಆದರೆ ಅದರಲ್ಲೇನಿದೆ ಎಂದು ನಮಗೆ ಒಡನೆ ಹೇಳುವುದಿಲ್ಲ. ಓದುಗನಿಗೆ ಸ್ವಲ್ಪ ಮೋಸ ಹೋದ ಹಾಗಾಗುತ್ತದೆ. ಜಗತ್ತಿನ ಅತಿ ಚುರುಕಾದ ಬುದ್ಧಿಗೆ ಬೇಕಾದ ಹೊತ್ತಿಗೇ ಮರೆವು ಕವಿದದ್ದು ಕತೆಗಾರನ ಅನುಕೂಲಕ್ಕೆ ಎಂಬುದು ಗುಟ್ಟಾಗಿ ಉಳಿಯುವುದಿಲ್ಲ.

ಈಗ ಇದೇ ಕೆಲಸವನ್ನು ವಾಟ್ಸನ್ ಎಷ್ಟು ಸಲೀಸಾಗಿ ಮಾಡುತ್ತಾನೆ ಎಂದು ನೋಡಬೇಕಾದರೆ 1892ರ ‘ಸಿಲ್ವರ್ ಬ್ಲೇಜ್’ಗೆ ಹೋಗಬೇಕು. ಡಾರ್ಟ್‌ಮೂರ್ ಬಯಲಿನ ಒಂದು ಲಾಯದಿಂದ ರೇಸ್ ಕುದುರೆ ಕಾಣೆಯಾಗಿದೆ, ಅದನ್ನು ಪಳಗಿಸುವ ಜಾನ್ ಸ್ಟ್ರೇಕರ್ ಬಯಲಲ್ಲಿ ಸತ್ತು ಬಿದ್ದಿದ್ದಾನೆ. ಆ ರಾತ್ರಿ ಕಾವಲಿದ್ದ ಹುಡುಗನಿಗೆ ಊಟದಲ್ಲಿ ಅಫೀಮು ಹಾಕಲಾಗಿತ್ತು. ಊರಿಗೆ ಬಂದಿದ್ದ ಸಿಂಪ್ಸನ್ ಎಂಬ ಅಪರಿಚಿತನನ್ನು ಪೊಲೀಸರು ಹಿಡಿದಿದ್ದಾರೆ. ರೈಲಿನಲ್ಲಿ ಹೋಗುತ್ತ ಹೋಮ್ಸ್ ಇದನ್ನೆಲ್ಲ ವಾಟ್ಸನ್‌ಗೆ ವಿವರಿಸುವಾಗ, ಮನೆಗೆಲಸದ ಹುಡುಗಿ ಲಾಯಕ್ಕೆ ತೆಗೆದುಕೊಂಡು ಹೋದ ಊಟ ಮಟನ್ ಕರಿ ಎಂಬ ಒಂದು ಮಾತೂ ಬಂದುಹೋಗುತ್ತದೆ. ವಾಟ್ಸನ್ ಅದನ್ನು ಹಾಗೇ ಬರೆದಿಡುತ್ತಾನೆ. ನಾವೂ ಹಾಗೇ ದಾಟಿ ಮುಂದೆ ಹೋಗುತ್ತೇವೆ. (ಇಂಗ್ಲೆಂಡಿನ ಕುದುರೆಲಾಯದಲ್ಲಿ ಮಸಾಲೆ ಅಡಿಗೆ ಕಂಡೂ ನಮ್ಮವರಿಗೇ ಅನುಮಾನ ಬರಲಿಲ್ಲವಲ್ಲ!)

ಆಮೇಲೆ ಗಾಡಿ ಸ್ಟ್ರೇಕರ್‌ನ ಮನೆ ಮುಂದೆ ನಿಲ್ಲುತ್ತದೆ. ಎಲ್ಲರೂ ಇಳಿಯುತ್ತಾರೆ. ಹೋಮ್ಸ್ ಮಾತ್ರ ಆಕಾಶ ನೋಡುತ್ತ ಒಳಗೇ ಕೂತಿರುತ್ತಾನೆ. ವಾಟ್ಸನ್ ತೋಳು ಮುಟ್ಟಿದಾಗ ಬೆಚ್ಚಿ ಎಚ್ಚರಗೊಂಡು ಇಳಿಯುತ್ತಾನೆ. ಅವನ ಕಣ್ಣಿನ ಹೊಳಪು ನೋಡಿ, ಏನೋ ಸುಳಿವು ಸಿಕ್ಕಿದೆ ಎಂದು ವಾಟ್ಸನ್‌ಗೆ ಖಾತ್ರಿಯಾಗುತ್ತದೆ. ಏನು ಸುಳಿವು, ಎಲ್ಲಿ ಸಿಕ್ಕಿತು, ಅವನಿಗೆ ಹೊಳೆಯುವುದಿಲ್ಲ.

ಕತೆಯ ಕೊನೆಯಲ್ಲಿ ಗೊತ್ತಾಗುತ್ತದೆ, ಆ ಮಟನ್ ಕರಿಯ ಅರ್ಥ ಹೋಮ್ಸ್‌ಗೆ ಹೊಳೆದ ಗಳಿಗೆ ಅದೇ ಎಂದು. ಅಫೀಮಿನ ಪುಡಿಗೆ ಒಂದು ರುಚಿ ಇದೆ, ಸಪ್ಪೆ ಊಟದಲ್ಲಿ ಅದು ನಾಲಿಗೆಗೆ ತಿಳಿದುಬಿಡುತ್ತದೆ. ಮಸಾಲೆ ಅದನ್ನು ಮುಚ್ಚುತ್ತದೆ. ಹೊರಗಿನಿಂದ ಬಂದ ಸಿಂಪ್ಸನ್ ಆ ರಾತ್ರಿ ಆ ಮನೆಯಲ್ಲಿ ಇಂಥದ್ದೇ ಅಡಿಗೆ ಆಗಲಿ ಎಂದು ಏರ್ಪಾಡು ಮಾಡಲಾರ. ಅವನು ಅಫೀಮು ತಂದ ರಾತ್ರಿಯೇ ತಾನಾಗಿ ಮಸಾಲೆ ಅಡಿಗೆ ಆಗಿತ್ತು ಎನ್ನುವುದು ನಂಬಲಾಗದ ಕಾಕತಾಳೀಯ. ಊಟಕ್ಕೆ ಇಂಥದ್ದೇ ಬೇಕು ಎಂದು ಹೇಳಬಲ್ಲವರು ಮನೆಯ ಯಜಮಾನ, ಯಜಮಾನಿ ಇಬ್ಬರೇ. ಅದೇ ಅಡಿಗೆ ಉಂಡ ಬೇರೆ ಯಾರಿಗೂ ಏನೂ ಆಗಿಲ್ಲವಾದ್ದರಿಂದ, ಹುಡುಗನ ತಟ್ಟೆಯನ್ನು ತೆಗೆದಿಟ್ಟ ಮೇಲೆ ಅಫೀಮು ಬಿದ್ದಿದೆ. ಹೀಗೆ ಸತ್ತವನೇ ಸಂಚಿನ ಮೂಲ ಎಂಬಲ್ಲಿಗೆ ದಾರಿ ತೆರೆಯುತ್ತದೆ.

ಅಂದರೆ ರಹಸ್ಯ ಬಿಡಿಸಿಕೊಳ್ಳತೊಡಗಿದ ಕ್ಷಣವನ್ನೇ ಡಾಯ್ಲ್ ನಮ್ಮ ಕಣ್ಣೆದುರು ಇಟ್ಟಿದ್ದಾರೆ, ಮುಚ್ಚಿಟ್ಟಿಲ್ಲ. ಅದನ್ನು ಹೊರಗಿನಿಂದ ತೋರಿಸಿದ್ದಾರೆ, ಅಷ್ಟೇ. ಅದೇ ಗಾಡಿಯಲ್ಲಿ ಕೂತ ಹೋಮ್ಸ್ ತಾನೇ ಕತೆ ಹೇಳುತ್ತಿದ್ದರೆ, ಆಗ ತನಗೆ ಏನು ಹೊಳೆಯಿತೆಂದು ಬಿಟ್ಟು ಆಕಾಶದ ಬಣ್ಣ ವರ್ಣಿಸುವುದು ಕಪಟವಾಗುತ್ತಿತ್ತು. ವಾಟ್ಸನ್ ಬರೆದಾಗ ಅದೇ ಪ್ರಾಮಾಣಿಕ ವರದಿ. ಕತೆಗಾರ ಮುಚ್ಚಿಡಬೇಕು, ಹೇಳುವವನು ಸುಳ್ಳಾಡಬಾರದು. ಎರಡೂ ಒಟ್ಟಿಗೆ ಸಾಧ್ಯವಾಗುವುದು ಹೇಳುವವನಿಗೇ ತಿಳಿಯದಿದ್ದಾಗ. ಜೊತೆಗಾರನ ನಿಧಾನ ಬುದ್ಧಿ ಈ ಪ್ರಕಾರದ ನೈತಿಕ ಅಡಿಪಾಯ ಎಂದು ನನಗನ್ನಿಸುವುದು ಇದಕ್ಕೇ.

ನಮ್ಮ ಕಥನ ಪರಂಪರೆಗೆ ಇದು ಹೊಸದು. ಮಹಾಭಾರತದಲ್ಲಿ ವೈಶಂಪಾಯನ ಹೇಳುತ್ತಾನೆ, ಜನಮೇಜಯ ಕೇಳುತ್ತಾನೆ. ಸಂಜಯ ಕಂಡದ್ದನ್ನು ಧೃತರಾಷ್ಟ್ರ ಕೇಳಿಸಿಕೊಳ್ಳುತ್ತಾನೆ. ತಿಳಿದವನು ಹೇಳುವವನು, ತಿಳಿಯದವನು ಕೇಳುವವನು. ಪತ್ತೇದಾರಿ ಕತೆ ಈ ಪೀಠಗಳನ್ನು ಅದಲುಬದಲು ಮಾಡಿತು. ಎಡ್ಗರ್ ಆಲನ್ ಪೋ 1841ರಲ್ಲಿ ಪತ್ತೇದಾರ ದ್ಯೂಪ್ಯಾಂನ ಮೊದಲ ಕತೆ ಬರೆದಾಗಲೇ ತಿಳಿದವನನ್ನು ಮೌನವಾಗಿ ಕೂರಿಸಿ, ತಿಳಿಯದ ಗೆಳೆಯನಿಗೆ ಮಾತು ಕೊಟ್ಟಿದ್ದರು. ಆ ಗೆಳೆಯನಿಗೆ ಒಂದು ಹೆಸರೂ ಇಲ್ಲ.

ಆದರೆ ನಿಧಾನ ಅಂದರೆ ಎಷ್ಟು ನಿಧಾನ? ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ, ಸ್ವತಃ ಪತ್ತೇದಾರಿ ಕಾದಂಬರಿಕಾರ, 1929ರಲ್ಲಿ ಈ ಪ್ರಕಾರಕ್ಕೆ ಹತ್ತು ನಿಯಮ ಮಾಡಿದರು. ಅದರಲ್ಲಿ ಒಂಬತ್ತನೆಯದು ಜೊತೆಗಾರನಿಗೆ ಸಂಬಂಧಿಸಿದ್ದು. ಅವನು ತನ್ನ ಮನಸ್ಸಿಗೆ ಬಂದ ಯಾವುದನ್ನೂ ಮುಚ್ಚಿಡಬಾರದು, ಮತ್ತು ಅವನ ಬುದ್ಧಿ ಸಾಮಾನ್ಯ ಓದುಗನಿಗಿಂತ ಒಂದಿಷ್ಟು, ಒಂದಿಷ್ಟೇ ಇಷ್ಟು, ಕಡಿಮೆ ಇರಬೇಕು. ಆ ‘ಒಂದಿಷ್ಟೇ ಇಷ್ಟು’ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1939ರಿಂದ 1946ರವರೆಗೆ ಬಂದ ಹದಿನಾಲ್ಕು ಹೋಮ್ಸ್ ಸಿನಿಮಾಗಳಿವೆ. ಬೇಸಿಲ್ ರಾತ್‌ಬೋನ್ ಹೋಮ್ಸ್, ನೈಜೆಲ್ ಬ್ರೂಸ್ ವಾಟ್ಸನ್. ಬ್ರೂಸ್ ಆತ್ಮೀಯ ನಟ, ಆದರೆ ಆ ವಾಟ್ಸನ್ ಗೊಣಗುವ, ಎಡವುವ ಮುದ್ದು ಪೆದ್ದ. ಅವನ ಊಹೆ ತಪ್ಪಾದಾಗ ನಾವು ನಗುತ್ತೇವೆ, ನಾವೂ ಅದನ್ನೇ ಊಹಿಸಿದ್ದೆವಲ್ಲ ಎಂದು ಬೆಚ್ಚುವುದಿಲ್ಲ. ಡಾಯ್ಲ್ ಬರೆದ ವಾಟ್ಸನ್ ಅಫ್ಘಾನ್ ಯುದ್ಧದಲ್ಲಿ ಗುಂಡೇಟು ತಿಂದು ಬಂದ ವೈದ್ಯ, ಲೋಕ ಕಂಡವನು. ಜೊತೆಗಾರ ಪಾತ್ರ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ನನಗೆ ಗೊತ್ತಿರುವ ಪರೀಕ್ಷೆ ಒಂದೇ: ಅವನ ತಪ್ಪು ಊಹೆ ಓದುವಾಗ ಒಪ್ಪುವಂತಿರಬೇಕು.

‘ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ನ ಮೊದಲ ಪುಟಗಳಲ್ಲಿ ಇಂಥ ಒಪ್ಪುವ ತಪ್ಪು ಇದೆ. ಯಾರೋ ಮರೆತುಹೋದ ಕೈಕೋಲನ್ನು ನೋಡಿ ವಾಟ್ಸನ್ ಹೇಳುತ್ತಾನೆ: ವಯಸ್ಸಾದ, ಹಳ್ಳಿಯಲ್ಲಿ ನಡೆದಾಡಿಯೇ ರೋಗಿಗಳನ್ನು ನೋಡುವ ಡಾಕ್ಟರು, ಊರಿನ ಬೇಟೆಗಾರರ ಸಂಘ ಕೊಟ್ಟ ಉಡುಗೊರೆ. ಹೋಮ್ಸ್ ಬಾಯ್ತುಂಬ ಮೆಚ್ಚಿ, ನಂತರ ನಿನ್ನ ತಪ್ಪುಗಳೇ ನನ್ನನ್ನು ಸರಿದಾರಿಗೆ ಹಚ್ಚಿದವು ಎನ್ನುತ್ತಾನೆ. ಕೊಟ್ಟದ್ದು ಆಸ್ಪತ್ರೆ, ಡಾಕ್ಟರು ಚಿಕ್ಕ ವಯಸ್ಸಿನವನು. ಹಳ್ಳಿ, ನಡಿಗೆ ಎರಡೂ ಸರಿ. ಓದುಗ ಮಾಡಬಹುದಾಗಿದ್ದ ಮೊದಲ ಊಹೆಯನ್ನು ವಾಟ್ಸನ್ ತನ್ನ ಹೆಸರಿನಲ್ಲಿ ಖರ್ಚು ಮಾಡಿದ್ದಾನೆ. ಅವಮಾನ ಅವನ ಲೆಕ್ಕಕ್ಕೆ, ತಿಳಿವಳಿಕೆ ನಮ್ಮ ಲೆಕ್ಕಕ್ಕೆ. ತಿಳಿಯದೇ ಇರುವುದಕ್ಕೆ ನಾಚಬೇಕಾಗದ ಜಾಗ ವಯಸ್ಕರಿಗೆ ಹೆಚ್ಚು ಕಡೆ ಸಿಗುವುದಿಲ್ಲ. ಅರ್ಥವಾಗಲಿಲ್ಲ ಎಂದು ಗಟ್ಟಿಯಾಗಿ ಹೇಳಿಯೂ ಗೌರವ ಕಳೆದುಕೊಳ್ಳದವನೊಬ್ಬ ಪಕ್ಕದಲ್ಲಿರುವುದರಿಂದ ಈ ಕತೆಗಳಲ್ಲಿ ಅದು ಸಿಗುತ್ತದೆ. ಸತ್ಯಜಿತ್ ರಾಯ್ ಇದನ್ನು ಇನ್ನೂ ಸರಳ ಮಾಡಿದರು. ಫೆಲುದಾನ ಕತೆ ಹೇಳುವ ತೋಪ್ಶೆ ಹದಿಹರೆಯದ ಹುಡುಗ, ಅವನ ನಿಧಾನ ವಯಸ್ಸಿನದು, ಯಾರಿಗೂ ಅವಮಾನವಿಲ್ಲ.

ಇಷ್ಟು ನಂಬಿಕೆ ಗಳಿಸಿದ ಪಾತ್ರವನ್ನು ಯಾರಾದರೂ ದುರುಪಯೋಗ ಮಾಡಿಕೊಳ್ಳಲೇಬೇಕಿತ್ತು. (ಅಗಾಥಾ ಕ್ರಿಸ್ಟಿಯ ‘ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’ ಓದಿಲ್ಲದವರು ಈ ಪ್ಯಾರಾ ಬಿಟ್ಟುಬಿಡಿ, ನಿಜವಾಗಿ ಹೇಳುತ್ತಿದ್ದೇನೆ.) ಪಾಯ್ರೋನ ಗೆಳೆಯ ಹೇಸ್ಟಿಂಗ್ಸ್‌ನನ್ನು ಕ್ರಿಸ್ಟಿ ಅರ್ಜೆಂಟೀನಾಕ್ಕೆ ಕಳಿಸಿ, ಆ ಖಾಲಿ ಜಾಗಕ್ಕೆ ಪಕ್ಕದ ಮನೆಯ ಡಾಕ್ಟರ್ ಶೆಪರ್ಡ್‌ನನ್ನು ತಂದರು. ಅವನೂ ವಾಟ್ಸನ್‌ನಂತೆ ವೈದ್ಯ, ಅವನೂ ಪತ್ತೆಯ ಕತೆ ಬರೆದಿಡುತ್ತಾನೆ, ಅವನೇ ಕೊಲೆಗಾರ. ಅಕ್ರಾಯ್ಡ್‌ನ ಕೋಣೆಯಲ್ಲಿ ಕಳೆದ ಹತ್ತು ನಿಮಿಷವನ್ನು ಅವನು ಒಂದು ವಾಕ್ಯದಲ್ಲಿ ದಾಟುತ್ತಾನೆ, ಆ ವಾಕ್ಯದಲ್ಲಿ ಸುಳ್ಳು ಒಂದೂ ಇಲ್ಲ. ಅವನಿಗೆ ತಿಳಿದಿರಲಾರದು ಎಂಬ ಎಂಬತ್ತೈದು ವರ್ಷಗಳ ರೂಢಿಯೇ ಅವನನ್ನು ಕಾಪಾಡಿತು. ಇದು ಮೋಸ ಎಂದು ಆಗ ಕೂಗಿದವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೂ ಕ್ರಿಸ್ಟಿಯದೇ ಗೆಲುವು ಎನ್ನುತ್ತೇನೆ. ಮನಸ್ಸಿಗೆ ಬಂದದ್ದನ್ನು ಜೊತೆಗಾರ ಮುಚ್ಚಿಡಬಾರದು ಎಂದು ನಾಕ್ಸ್ ನಿಯಮ ಮಾಡಿದ್ದು ಆ ಕಾದಂಬರಿ ಬಂದ ಮೂರು ವರ್ಷಕ್ಕೆ.

ಆ ಕಾದಂಬರಿ ಬಂದದ್ದೂ 1926ರಲ್ಲಿ, ಹೋಮ್ಸ್ ತಾನೇ ಲೇಖನಿ ಹಿಡಿದ ವರ್ಷ. ಒಬ್ಬರು ಜೊತೆಗಾರನನ್ನು ಹೊರಗೆ ಕಳಿಸಿ ಕತೆ ಸೊರಗಿದ್ದನ್ನು ಕಂಡರು, ಇನ್ನೊಬ್ಬರು ಅವನ ವೇಷ ತೊಡಿಸಿ ಕೊಲೆಗಾರನನ್ನು ಒಳಗೆ ತಂದರು. ಡಾಯ್ಲ್ ಆ ಪ್ರಯೋಗವನ್ನು ಮತ್ತೆ ಮಾಡಲಿಲ್ಲ. ಆಮೇಲೆ ಪ್ರಕಟವಾದ ಹೋಮ್ಸ್‌ನ ಕೊನೆಯ ಮೂರು ಕತೆಗಳನ್ನೂ ವಾಟ್ಸನ್ನೇ ಹೇಳಿದ್ದಾನೆ.